ಫೋನಿನ ಮಾತು ನೇರವಾಗಿ ಕಿವಿಯ ಸಾಧನಕ್ಕೆ

ನಿಮ್ಮ ಮನೆಯಲ್ಲಿ ಶ್ರವಣ ಸಾಧನ ಹಾಕಿಕೊಳ್ಳುವ ಹಿರಿಯರಿದ್ದರೆ, ಅವರು ಫೋನಿನಲ್ಲಿ ಮಾತನಾಡುವುದನ್ನು ಒಮ್ಮೆ ಗಮನಿಸಿ ನೋಡಿ. ಎದುರಿಗೆ ಕುಳಿತವರೊಡನೆ ಚೆನ್ನಾಗಿಯೇ ಹರಟುವವರು, ಫೋನ್ ಬಂದೊಡನೆ ಸಾಧನವನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಡುತ್ತಾರೆ. ಫೋನನ್ನು ಬರಿಗಿವಿಗೆ ಒತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ "ಏನು? ಇನ್ನೊಂದು ಸಲ ಹೇಳು" ಎನ್ನುತ್ತಾರೆ. ಕೊನೆಗೆ ಫೋನನ್ನು ಸೊಸೆಯ ಕೈಗೋ ಮೊಮ್ಮಗನ ಕೈಗೋ ಕೊಟ್ಟು "ನೀನೇ ಮಾತಾಡಿ ಹೇಳು" ಎಂದು ಎದ್ದುಹೋಗುತ್ತಾರೆ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಸಾಧನ ಬೇಕಾದ ಹೊತ್ತಿನಲ್ಲೇ ಕೈಕೊಟ್ಟಿತಲ್ಲ ಎಂದು ಮನೆಯವರಿಗೆ ಬೇಸರ.

ಇದರಲ್ಲಿ ಹಿರಿಯರ ತಪ್ಪೇನೂ ಇಲ್ಲ. ಕಿವಿಯ ಹಿಂದೆ ಕೂರುವ ಸಾಧನದ ಮೈಕು ಇರುವುದು ಕಿವಿಯ ಮೇಲ್ತುದಿಯಲ್ಲಿ. ನಾವು ಫೋನನ್ನು ಹಿಡಿಯುವುದು ಕಿವಿಯ ರಂಧ್ರಕ್ಕೆ. ಹೀಗಾಗಿ ಫೋನಿನ ಸದ್ದು ಮೈಕಿಗೆ ಅರ್ಧಂಬರ್ಧ ತಲುಪುತ್ತದೆ. ಇನ್ನಷ್ಟು ಹತ್ತಿರ ತಂದರೆ, ಸಾಧನದಿಂದ ಹೊರಬಿದ್ದ ಸದ್ದು ಫೋನಿಗೆ ತಾಗಿ ಮರಳಿ ಮೈಕನ್ನೇ ಸೇರಿ 'ಕುಯ್ಯ್' ಎಂದು ಸೀಟಿ ಹೊಡೆಯುತ್ತದೆ. ಅಲ್ಲದೆ ಹಿರಿಯರು ಎದುರಿನವರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ತುಟಿಯ ಚಲನೆಯಿಂದ ಗ್ರಹಿಸುತ್ತಿರುತ್ತಾರೆ. ಫೋನಿನಲ್ಲಿ ತುಟಿ ಕಾಣದು.

ಇದರ ಮೇಲೆ ಫೋನಿನದೇ ಒಂದು ಕೊರತೆ ಇದೆ. ಹಳೆಯ ಪದ್ಧತಿಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ಸದ್ದನ್ನು ಮಾತ್ರ ಸಾಗಿಸುತ್ತದೆ. 'ಸ', 'ಶ'ಗಳಂಥ ಅಕ್ಷರಗಳ ಜೀವ ಇರುವುದೇ ಅದಕ್ಕಿಂತ ಮೇಲೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಎತ್ತರದ ಸದ್ದುಗಳನ್ನೇ. ಎರಡೂ ಸೇರಿದರೆ 'ಸಾಕು' ಎಂದದ್ದು 'ಹಾಕು' ಎಂದು ಕೇಳಿಸುತ್ತದೆ. ಊಟದ ಪಂಕ್ತಿಯಲ್ಲಾದರೆ ನಕ್ಕು ಸುಮ್ಮನಾಗಬಹುದು. ಔಷಧದ ಪ್ರಮಾಣ ಕೇಳುವಾಗ ಹಾಗಲ್ಲ.

ಇದಕ್ಕೆ ಉತ್ತರ, ಫೋನಿನ ಮಾತನ್ನು ಗಾಳಿಯ ಮೂಲಕ ಸದ್ದಾಗಿ ಕಳಿಸದೆ ರೇಡಿಯೊ ಸಂಕೇತವಾಗಿ ನೇರ ಸಾಧನದೊಳಕ್ಕೇ ಕಳಿಸುವುದು. ಇದನ್ನೇ ಸ್ಟ್ರೀಮಿಂಗ್ ಎನ್ನುತ್ತಾರೆ. ಆಗ ಮೈಕಿನ ಗೊಡವೆ ಇಲ್ಲ, ಸೀಟಿ ಇಲ್ಲ, ಪಕ್ಕದ ಮಿಕ್ಸಿಯ ಗದ್ದಲ ಕಡಿಮೆ. ಮಾತು ಎರಡೂ ಕಿವಿಗೆ ಒಟ್ಟಿಗೆ ಬರುತ್ತದೆ. ನಿಮ್ಮ ಕಿವಿಯ ಪರೀಕ್ಷೆ ಮಾಡಿ ಯಾವ ಸದ್ದನ್ನು ಎಷ್ಟು ಹೆಚ್ಚಿಸಬೇಕೆಂದು ತಜ್ಞರು ಸಾಧನದಲ್ಲಿ ಬರೆದಿಟ್ಟಿರುತ್ತಾರಲ್ಲ, ಆ ಲೆಕ್ಕದ ಪ್ರಕಾರವೇ ಬರುತ್ತದೆ. ಮಾಮೂಲಿ ಇಯರ್‌ಫೋನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಇಯರ್‌ಫೋನು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತದೆ. ಸಾಧನ ನಿಮಗೆ ಕೇಳಿಸದಿರುವುದನ್ನು ಆಯ್ದು ಜೋರು ಮಾಡುತ್ತದೆ.

ಡಬ್ಬಿಯ ಮೇಲಿನ ಆ ಒಂದು ಪದ

ಹಾಗಾದರೆ ಬ್ಲೂಟೂತ್ ಇರುವ ಸಾಧನ ಕೊಂಡರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಬಹಳ ಮನೆಗಳು ಎಡವುವುದು ಇಲ್ಲಿಯೇ. ಶ್ರವಣ ಸಾಧನದ ಡಬ್ಬಿಯ ಮೇಲೆ ಬ್ಲೂಟೂತ್ ಎಂದು ಬರೆದಿದ್ದರೆ ಅದಕ್ಕೆ ಒಂದೇ ಅರ್ಥವಿಲ್ಲ.

ಬ್ಲೂಟೂತ್ ಹುಟ್ಟಿದ್ದು ಒಂದು ಫೋನನ್ನು ಒಂದು ಹೆಡ್‌ಸೆಟ್ಟಿಗೆ ಜೋಡಿಸಲು. ಶ್ರವಣ ಸಾಧನಗಳು ಎರಡು. ಅವುಗಳ ನಡುವೆ ತಲೆ ಇದೆ. ಬ್ಲೂಟೂತಿನ ರೇಡಿಯೊ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ತಲೆಯಲ್ಲಿ ಹೆಚ್ಚಿನಂಶ ನೀರೇ. ಮೇಲಾಗಿ ಹಳೆಯ ಬ್ಲೂಟೂತ್ ವಿದ್ಯುತ್ತನ್ನು ಧಾರಾಳವಾಗಿ ಕುಡಿಯುತ್ತದೆ. ಕಿವಿಯ ಸಾಧನದಲ್ಲಿ ಹಾಕುವ 312 ಎಂಬ ಗುಂಡಿ ಸೆಲ್ಲಿನ ಶಕ್ತಿ ಹೆಚ್ಚೆಂದರೆ 180 ಮಿಲಿಆಂಪಿಯರ್ ಗಂಟೆ. ನಿಮ್ಮ ಕೈಯಲ್ಲಿರುವ ಫೋನಿನ ಬ್ಯಾಟರಿ 5000ದ ಆಸುಪಾಸು. ಇಷ್ಟು ಪುಟ್ಟ ಹುಂಡಿಯಿಂದ ಆ ಖರ್ಚನ್ನು ತೂಗಿಸುವುದು ಕಷ್ಟ.

ಅದಕ್ಕಾಗಿ ಕಂಪನಿಗಳು ತಮ್ಮ ತಮ್ಮದೇ ಅಡ್ಡದಾರಿ ಹುಡುಕಿಕೊಂಡವು. ಮೊದಲು ಕೊರಳಿಗೆ ನೇತುಹಾಕುವ ಡಬ್ಬಿ ಬಂತು. ಫೋನಿನಿಂದ ಬ್ಲೂಟೂತಿನಲ್ಲಿ ಮಾತನ್ನು ತೆಗೆದುಕೊಂಡು, ಬೇರೊಂದು ಬಗೆಯ ಸಂಕೇತದಲ್ಲಿ ಅದು ಕಿವಿಗೆ ದಾಟಿಸುತ್ತಿತ್ತು. 2013ರಲ್ಲಿ ಆಪಲ್ ತನ್ನ ಐಫೋನಿಗೆಂದೇ ಒಂದು ಖಾಸಗಿ ವಿಧಾನ ಪ್ರಕಟಿಸಿತು. 2014ರಿಂದ ಅದಕ್ಕೆ ಹೊಂದುವ ಸಾಧನಗಳು ಮಾರುಕಟ್ಟೆಗೆ ಬಂದವು. ಗೂಗಲ್ 2018ರಲ್ಲಿ ಆಂಡ್ರಾಯ್ಡ್ ಫೋನಿಗೆಂದು ಇನ್ನೊಂದು ವಿಧಾನ ಪ್ರಕಟಿಸಿತು. ಅದಕ್ಕೆ ಆಶಾ ಎಂಬ ಹೆಸರು, ಇಂಗ್ಲಿಷಿನ ನಾಲ್ಕು ಅಕ್ಷರ ಕೂಡಿಸಿ ಮಾಡಿದ್ದು. ನಮ್ಮ ಊರಿನ ಆಶಾ ಕಾರ್ಯಕರ್ತೆಯರಿಗೂ ಅದಕ್ಕೂ ಸಂಬಂಧವಿಲ್ಲ! ಇನ್ನು ಕೆಲವು ಸಾಧನಗಳು ಹೆಚ್ಚು ವಿದ್ಯುತ್ ಖರ್ಚಾದರೂ ಆಗಲಿ ಎಂದು ಹಳೆಯ ಬ್ಲೂಟೂತನ್ನೇ ಇಟ್ಟುಕೊಂಡವು. ಅವು ಯಾವ ಫೋನಿಗಾದರೂ ಹೆಡ್‌ಸೆಟ್ಟಿನಂತೆ ಹೊಂದುತ್ತವೆ. ಮತ್ತೆ ಕೆಲವು ಅಗ್ಗದ ಸಾಧನಗಳಲ್ಲಿ ಬ್ಲೂಟೂತ್ ಇರುವುದು ಆ್ಯಪ್‌ನಿಂದ ಸದ್ದು ಹೆಚ್ಚು ಕಡಿಮೆ ಮಾಡುವುದಕ್ಕೆ ಮಾತ್ರ. ಅದರ ಮೂಲಕ ಮಾತು ಬರುವುದೇ ಇಲ್ಲ.

ಎಲ್ಲ ಡಬ್ಬಿಗಳ ಮೇಲೂ ಇರುವ ಹೆಸರು ಒಂದೇ, ಬ್ಲೂಟೂತ್.

ನನ್ನಲ್ಲಿಗೆ ಬಂದ ಎಪ್ಪತ್ತೊಂದರ ನಿವೃತ್ತ ಮೇಷ್ಟ್ರೊಬ್ಬರ ವಿಷಯ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ತಗ್ಗು ಸದ್ದುಗಳು ಅವರಿಗೆ ಬಹುಮಟ್ಟಿಗೆ ಸರಿಯಾಗಿಯೇ ಕೇಳುತ್ತವೆ. ಎತ್ತರದ ಸದ್ದುಗಳಲ್ಲಿ ಮಾತ್ರ ಅರವತ್ತು ಡೆಸಿಬೆಲ್‌ನಷ್ಟು ಕೊರತೆ. ಮೂರು ವರ್ಷದ ಹಿಂದೆ ಎರಡೂ ಕಿವಿಗೆ ಒಳ್ಳೆಯ ಸಾಧನ ಹಾಕಿಸಿಕೊಂಡಿದ್ದರು. ವಿದೇಶದಲ್ಲಿರುವ ಮಗಳು ಭಾನುವಾರ ಫೋನ್ ಮಾಡುತ್ತಾಳೆ, ಅದಕ್ಕೆಂದೇ 'ಬ್ಲೂಟೂತ್ ಇರಲಿ' ಎಂದು ಹೇಳಿ ಕೊಂಡದ್ದು. ಫೋನು ಆಂಡ್ರಾಯ್ಡ್. ಆ್ಯಪ್ ತೆರೆದರೆ ಎರಡೂ ಸಾಧನ ಕಾಣುತ್ತವೆ, ಸದ್ದು ಏರುತ್ತದೆ, ಇಳಿಯುತ್ತದೆ. ಆದರೆ ಕರೆ ಬಂದರೆ ಮಾತು ಫೋನಿನಲ್ಲೇ ಉಳಿಯುತ್ತದೆ. "ಡಾಕ್ಟ್ರೇ, ಜೋಡಣೆ ಆಗಿದೆ ಅಂತ ತೋರಿಸುತ್ತೆ, ಮಗಳ ಮಾತು ಮಾತ್ರ ಕಿವಿಗೆ ಬರೋದಿಲ್ಲ. ಮಿಷನ್ ಕೆಟ್ಟಿದೆಯೋ, ನನ್ನ ಕಿವಿಯೇ ಪೂರ್ತಿ ಹೋಯಿತೋ ನೋಡಿ" ಎಂದರು.

ಕಿವಿಯೂ ಸರಿ ಇತ್ತು, ಸಾಧನವೂ ಸರಿ ಇತ್ತು. ಆ ಮಾದರಿ ಮಾತನ್ನು ನೇರವಾಗಿ ಪಡೆಯುವುದು ಐಫೋನಿನಿಂದ ಮಾತ್ರ. ಆಂಡ್ರಾಯ್ಡ್ ಜೊತೆ ಅದಕ್ಕಿದ್ದದ್ದು ಆ್ಯಪ್‌ನ ಸಂಬಂಧವಷ್ಟೇ. ಪತ್ತೆ ಹಚ್ಚುವುದು ಕಷ್ಟವಲ್ಲ. ಆ್ಯಪ್‌ನಲ್ಲಿ ಸಾಧನ ಕಾಣುತ್ತಿದ್ದು, ಫೋನಿನಲ್ಲಿ ಹಾಡು ಹಾಕಿದಾಗ ಅದು ಫೋನಿನ ಸ್ಪೀಕರಿನಿಂದಲೇ ಬರುತ್ತಿದ್ದರೆ, ಅನುಮಾನಿಸಬೇಕಾದದ್ದು ಇದನ್ನೇ. ಅವರ ಮುಂದೆ ಮೂರು ದಾರಿ ಇದ್ದವು: ಫೋನ್ ಬದಲಿಸುವುದು, ಸಾಧನ ಬದಲಿಸುವುದು, ಅಥವಾ ಅದೇ ಕಂಪನಿಯ ಕ್ಲಿಪ್ ಎಂಬ ಸಣ್ಣ ಡಬ್ಬಿಯನ್ನು ಅಂಗಿಗೆ ಸಿಕ್ಕಿಸಿಕೊಳ್ಳುವುದು. ಸಾಧನ ಇನ್ನೂ ಎರಡು ಮೂರು ವರ್ಷ ಬಾಳುವಂಥದ್ದು. ಎಪ್ಪತ್ತೊಂದರಲ್ಲಿ ಹೊಸ ಬಗೆಯ ಫೋನು ಕಲಿಯಲು ಅವರಿಗೆ ಮನಸ್ಸಿರಲಿಲ್ಲ. ಕ್ಲಿಪ್ ಸಾಕು ಎಂದು ತೀರ್ಮಾನವಾಯಿತು. ಅದಕ್ಕೆ ಹೊಸ ಸಾಧನದ ಬೆಲೆಯ ಒಂದಂಶ ಸಾಕು. ಜೊತೆಗೊಂದು ಲಾಭವೂ ಆಯಿತು. ಕ್ಲಿಪ್ಪಿನ ಮೈಕು ಎದೆಯ ಮೇಲಿರುವುದರಿಂದ ಮೇಷ್ಟ್ರ ಮಾತು ಮಗಳಿಗೆ ಸ್ಪಷ್ಟವಾಗಿ ಹೋಗುತ್ತದೆ. ತೊಂದರೆ ಎಂದರೆ ಅದನ್ನೂ ದಿನಾ ಚಾರ್ಜ್ ಮಾಡಬೇಕು, ಅಂಗಿಯ ಜೊತೆ ಒಗೆಯಲು ಹಾಕಬಾರದು!

ಹೊಸ ಪದ್ಧತಿ ಏನು ಬದಲಿಸುತ್ತದೆ?

ಈ ಗೋಜಲನ್ನು ಬಿಡಿಸಲು ಯುರೋಪಿನ ಶ್ರವಣ ಸಾಧನ ತಯಾರಕರ ಸಂಘ 2014ರಲ್ಲೇ ಬ್ಲೂಟೂತ್ ಸಂಸ್ಥೆಯೊಡನೆ ಕೈಜೋಡಿಸಿತು. ಎಲ್ಲ ಫೋನಿಗೂ ಎಲ್ಲ ಸಾಧನಕ್ಕೂ ಒಂದೇ ಭಾಷೆ ಇರಲಿ ಎಂಬುದು ಗುರಿ. ಅದರ ಫಲವಾದ ಹೊಸ ಪದ್ಧತಿಯನ್ನು 2020ರ ಜನವರಿಯಲ್ಲಿ ಪ್ರಕಟಿಸಿದರು, 2022ರ ಜುಲೈನಲ್ಲಿ ಅದರ ನಿಯಮಾವಳಿ ಪೂರ್ತಿಯಾಯಿತು. ಫೋನಿನ ಪರದೆಯ ಮೇಲೆ ಇದರ ಹೆಸರು LE Audio ಎಂದು ಕಾಣುತ್ತದೆ. ಕಡಿಮೆ ವಿದ್ಯುತ್ತಿನ ಧ್ವನಿ ಎಂದು ಅರ್ಥ. ಹೆಡ್‌ಸೆಟ್ಟಿಗೆಂದು ಮಾಡಿದ್ದನ್ನು ಶ್ರವಣ ಸಾಧನಕ್ಕೆ ಹೊಂದಿಸುವುದೇ ಹಿಂದಿನ ರೂಢಿ. ಇಲ್ಲಿ ಶ್ರವಣ ಸಾಧನವನ್ನು ಮೊದಲಿನಿಂದಲೇ ಲೆಕ್ಕದಲ್ಲಿಟ್ಟು ನಿಯಮ ಬರೆದಿದ್ದಾರೆ.

ಇದರಲ್ಲಿ ಮುಖ್ಯ ಬದಲಾವಣೆ ಎರಡು. ಮೊದಲನೆಯದು, ಫೋನು ಎಡಗಿವಿಗೊಂದು ಬಲಗಿವಿಗೊಂದು ಎಂದು ಎರಡು ಪ್ರತ್ಯೇಕ ಧಾರೆಗಳನ್ನು ಕಳಿಸುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಕೇಳಿಸುವಂತೆ ಅವುಗಳ ಕಾಲವನ್ನು ಕಟ್ಟಿರುತ್ತದೆ. ಒಂದು ಕಿವಿಯ ಸಾಧನ ಮಾತು ಪಡೆದು ಇನ್ನೊಂದಕ್ಕೆ ದಾಟಿಸುವ ಕೆಲಸ ತಪ್ಪುತ್ತದೆ.

ಎರಡನೆಯದು ಮಾತನ್ನು ಮಡಿಸಿ ಕಳಿಸುವ ವಿಧಾನ. ಸದ್ದನ್ನು ಹಾಗೆಯೇ ಕಳಿಸಲಾಗದು. ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕುವಂತೆ ಸಣ್ಣದು ಮಾಡಿ ಕಳಿಸಿ, ಆ ಬದಿಯಲ್ಲಿ ಬಿಡಿಸಬೇಕು. ಹಳೆಯ ಬ್ಲೂಟೂತ್ ಕರೆಯಲ್ಲಿ ಇದಕ್ಕೆ ಸೆಕೆಂಡಿಗೆ 64 ಕಿಲೋಬಿಟ್ ಬೇಕಾಗಿತ್ತು. LC3 ಎಂಬ ಹೊಸ ಮಡಿಕೆಯಲ್ಲಿ ಅಷ್ಟೇ ಅಗಲದ ಮಾತಿಗೆ 32 ಸಾಕು. ಅಂದರೆ ಹಿಂದೆ ಒಂದು ಕಿವಿಗೆ ಬೇಕಾಗಿದ್ದ ಜಾಗದಲ್ಲಿ ಈಗ ಎರಡು ಕಿವಿಗೂ ಮಾತು ಹಿಡಿಯುತ್ತದೆ. ಕಳಿಸುವುದು ಕಡಿಮೆಯಾದಷ್ಟೂ ರೇಡಿಯೊ ಎಚ್ಚರವಿರುವ ಹೊತ್ತು ಕಡಿಮೆ, ಅದಕ್ಕೆ ತಕ್ಕಂತೆ ಬ್ಯಾಟರಿಯ ಖರ್ಚೂ ಕಡಿಮೆ. ಹಾಗೆಂದು ಬಿಟ್ಟಿಯೇನಲ್ಲ. ಮಾಮೂಲಿ ಕೇಳುವುದಕ್ಕಿಂತ ಸ್ಟ್ರೀಮಿಂಗಿನಲ್ಲಿ ಖರ್ಚು ಜಾಸ್ತಿಯೇ. ದಿನಕ್ಕೆ ನಾಲ್ಕಾರು ಗಂಟೆ ಹಾಡು ಕೇಳುವವರು ಗುಂಡಿ ಸೆಲ್ಲಿನ ಸಾಧನಕ್ಕಿಂತ ರಾತ್ರಿ ಚಾರ್ಜಿಗೆ ಹಾಕುವ ಸಾಧನ ಆರಿಸಿಕೊಳ್ಳುವುದು ಒಳ್ಳೆಯದು.

ಆದರೆ ಒಂದು ಮಾತು. ಕರೆಯೇ ಹಳೆಯ ಇಕ್ಕಟ್ಟಿನ ಪದ್ಧತಿಯಲ್ಲಿ ಬಂದರೆ ಹೊಸ ಬ್ಲೂಟೂತ್ ಏನೂ ಮಾಡಲಾರದು. ಹೋಗದ 'ಸ'ಕಾರವನ್ನು ಅದು ಹುಟ್ಟಿಸಲಾರದು. 4ಜಿ ಜಾಲದ ಮೇಲೆ ಬರುವ ಎಚ್‌ಡಿ ಕರೆಯಲ್ಲಿ ಸುಮಾರು 7000 ಹರ್ಟ್ಸ್‌ವರೆಗಿನ ಸದ್ದು ಬರುತ್ತದೆ, ಅಲ್ಲಿ 'ಸಾಕು' ಸಾಕಾಗಿಯೇ ಕೇಳಿಸುತ್ತದೆ. ನಿಮ್ಮ ಫೋನಿನಲ್ಲಿ VoLTE ಎಂಬುದು ಆನ್ ಆಗಿದೆಯೇ ನೋಡಿ. ಕಾಸು ಖರ್ಚಿಲ್ಲದ ಸುಧಾರಣೆ ಇದು.

ಇವರಿಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ

ಸ್ಟ್ರೀಮಿಂಗ್ ಶುರುವಾದ ಮೇಲೆ ಮನೆಯವರಿಂದ ಬರುವ ಮೊದಲ ದೂರು ಇದು: "ಅಪ್ಪನಿಗೆ ನಮ್ಮ ಮಾತು ಚೆನ್ನಾಗಿ ಕೇಳುತ್ತದಂತೆ, ಅಪ್ಪನ ಮಾತು ಬಾವಿಯೊಳಗಿಂದ ಬಂದಂತಿರುತ್ತದೆ." ಕಾರಣ ತಿಳಿಯಲು, ಅಪ್ಪನ ಮಾತನ್ನು ಹಿಡಿಯುತ್ತಿರುವ ಮೈಕು ಯಾವುದು ಎಂದು ಕೇಳಿಕೊಳ್ಳಬೇಕು.

ಆಶಾ ವಿಧಾನದಲ್ಲೂ ಐಫೋನಿನ ಆರಂಭದ ವಿಧಾನದಲ್ಲೂ ಮಾತು ಕಿವಿಗೆ ಬರುತ್ತದೆ, ಆದರೆ ಕಿವಿಯಿಂದ ಹೋಗುವುದಿಲ್ಲ. ನಿಮ್ಮ ದನಿಯನ್ನು ಹಿಡಿಯುವುದು ಫೋನಿನ ಮೈಕೇ. ಫೋನನ್ನು ದೇವರಕೋಣೆಯಲ್ಲಿ ಬಿಟ್ಟು ಜಗಲಿಯಲ್ಲಿ ಕುಳಿತು ಮಾತನಾಡಿದರೆ, ನಿಮಗೆ ಎಲ್ಲವೂ ಕೇಳುತ್ತದೆ, ಆ ಕಡೆಯವರಿಗೆ ಮೌನ. ಇಂಥ ಸಾಧನವಿದ್ದರೆ ಫೋನನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ ಕೈಯಲ್ಲಿ ಹಿಡಿದೇ ಮಾತನಾಡಬೇಕು.

ಹಳೆಯ ಬ್ಲೂಟೂತ್ ಉಳಿಸಿಕೊಂಡ ಸಾಧನಗಳಲ್ಲೂ ಹೊಸ ಪದ್ಧತಿಯ ಹಲವು ಸಾಧನಗಳಲ್ಲೂ ಕಿವಿಯ ಸಾಧನದ ಮೈಕೇ ನಿಮ್ಮ ದನಿಯನ್ನು ಹಿಡಿಯುತ್ತದೆ. ಕೈ ಬಿಡುವಾಗುತ್ತದೆ, ತರಕಾರಿ ಹೆಚ್ಚುತ್ತ ಮಾತನಾಡಬಹುದು. ಆದರೆ ಆ ಮೈಕು ಬಾಯಿಯ ಮುಂದಿಲ್ಲ, ಕಿವಿಯ ಮೇಲಿದೆ. ಬಸ್ ನಿಲ್ದಾಣದಲ್ಲಿ ನಿಮ್ಮ ದನಿಗಿಂತ ಕಂಡಕ್ಟರನ ಸೀಟಿಯೇ ಜೋರಾಗಿ ಹೋಗುತ್ತದೆ. 2025ರಲ್ಲಿ ಬಂದ ಆಂಡ್ರಾಯ್ಡ್ 16ರಲ್ಲಿ ಇದಕ್ಕೊಂದು ಪರಿಹಾರ ಕೊಟ್ಟಿದ್ದಾರೆ. ಹೊಸ ಪದ್ಧತಿಯ ಸಾಧನವಿದ್ದವರು ಕರೆಯ ವೇಳೆ ಸಾಧನದ ಮೈಕಿನ ಬದಲು ಫೋನಿನ ಮೈಕನ್ನು ಆರಿಸಿಕೊಳ್ಳಬಹುದು. ಗದ್ದಲದ ಜಾಗದಲ್ಲಿ ಮಾತನಾಡುವವರಿಗೆ ಇದು ಸಣ್ಣ ಸೌಲಭ್ಯವಲ್ಲ.

ಇಲ್ಲೊಂದು ಎಚ್ಚರಿಕೆ. ಕರೆ ಅಥವಾ ಹಾಡು ಬರುತ್ತಿರುವಾಗ ಹೆಚ್ಚಿನ ಸಾಧನಗಳು ಹೊರಗಿನ ಸದ್ದನ್ನು ತಾವಾಗಿಯೇ ತಗ್ಗಿಸುತ್ತವೆ. ಮನೆಯೊಳಗೆ ಅದು ಅನುಕೂಲ. ರಸ್ತೆ ದಾಟುವಾಗ ಹಿಂದಿನಿಂದ ಬರುವ ಆಟೋ ಕೇಳಿಸದಿದ್ದರೆ ಅಪಾಯ. ಹೊರಗಿನ ಸದ್ದು ಎಷ್ಟು ಉಳಿಯಬೇಕೆಂಬುದನ್ನು ಆ್ಯಪ್‌ನಲ್ಲೋ ತಜ್ಞರ ಕಂಪ್ಯೂಟರಿನಲ್ಲೋ ಹೊಂದಿಸಬಹುದು. ವಾಕಿಂಗ್ ಹೋಗುವ ರೂಢಿಯಿದ್ದರೆ ತಜ್ಞರಿಗೆ ಮೊದಲೇ ಹೇಳಿ.

ಹಾಡಿನಲ್ಲಿ ಮೃದಂಗ ಎಲ್ಲಿ ಹೋಯಿತು?

ಸಂಗೀತಪ್ರಿಯರ ದೂರು ಬೇರೆ. "ಗಾಯಕಿಯ ದನಿ ಬರುತ್ತದೆ, ಮೃದಂಗವೇ ಇಲ್ಲ. ಹಳೆಯ ಟ್ರಾನ್ಸಿಸ್ಟರ್ ಕೇಳಿದಂತಿದೆ" ಎನ್ನುತ್ತಾರೆ. ಬ್ಲೂಟೂತನ್ನು ಬೈಯುವ ಮೊದಲು ಕಿವಿಯೊಳಗೆ ಹೋಗುವ ರಬ್ಬರಿನ ತುದಿಯನ್ನು ನೋಡಿ. ನಮ್ಮ ಮೇಷ್ಟ್ರಂತೆ ತಗ್ಗು ಸದ್ದು ಚೆನ್ನಾಗಿ ಕೇಳುವವರಿಗೆ ರಂಧ್ರಗಳಿರುವ ತೆರೆದ ತುದಿ ಹಾಕುತ್ತಾರೆ. ತಮ್ಮ ದನಿ ತಮಗೇ ಗುಂಯ್ ಎನ್ನಬಾರದೆಂದು ಹಾಗೆ ಮಾಡುವುದು ಸರಿಯೇ. ಎದುರಿನವರ ಮಾತಿನ ತಗ್ಗು ಸದ್ದು ಆ ರಂಧ್ರಗಳಿಂದ ಸಹಜವಾಗಿ ಒಳಗೆ ಬರುತ್ತದೆ. ಸ್ಟ್ರೀಮಿಂಗಿನಲ್ಲಾದರೆ ಹೊರಗಿನಿಂದ ಏನೂ ಬರುವುದಿಲ್ಲ, ಸಾಧನ ಹೊರಡಿಸಿದ ತಗ್ಗು ಸದ್ದು ಅದೇ ರಂಧ್ರಗಳಿಂದ ಸೋರಿಹೋಗುತ್ತದೆ. ಮೃದಂಗದ ತೊಪ್ಪಿಯ ನಾದ ಹೋಗುವುದು ಹೀಗೆ.

ಪರೀಕ್ಷೆ ಸುಲಭ. ಹಾಡು ಬರುತ್ತಿರುವಾಗ ಎರಡೂ ಕಿವಿಯ ರಂಧ್ರವನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿ. ಮೃದಂಗ ಮರಳಿ ಬಂದರೆ ದೋಷ ತುದಿಯದು. ಮುಚ್ಚಿದ ತುದಿ ಹಾಕಬಹುದು, ಅಥವಾ ಕಿವಿಯ ಅಚ್ಚು ತೆಗೆದು ಸಣ್ಣ ರಂಧ್ರವಿರುವ ಮೋಲ್ಡ್ ಮಾಡಿಸಬಹುದು. ಅಷ್ಟು ಬೇಡವೆಂದರೆ ಸ್ಟ್ರೀಮಿಂಗಿಗೆಂದು ಬೇರೆಯಾದ ಒಂದು ಪ್ರೋಗ್ರಾಂ ಬರೆದು ತಗ್ಗು ಸದ್ದನ್ನು ಏರಿಸುವಂತೆ ತಜ್ಞರನ್ನು ಕೇಳಬಹುದು. ಹೊಸ ಪದ್ಧತಿ ಬಂದರೂ ಈ ಸೋರಿಕೆ ನಿಲ್ಲುವುದಿಲ್ಲ.

ಹೊಸ ಪದ್ಧತಿಯ ಇನ್ನೊಂದು ಅಂಗ ಆರಾಕಾಸ್ಟ್ ಎಂಬ ಪ್ರಸಾರ. ಸಭಾಂಗಣದಲ್ಲಿ ಒಂದು ಪ್ರಸಾರಕ ಇಟ್ಟರೆ, ಅಲ್ಲಿ ಕುಳಿತ ಎಷ್ಟು ಜನರ ಸಾಧನಕ್ಕಾದರೂ ವೇದಿಕೆಯ ಮಾತನ್ನು ಒಟ್ಟಿಗೆ ಕಳಿಸಬಹುದು. ಒಬ್ಬೊಬ್ಬರ ಜೊತೆ ಜೋಡಣೆ ಬೇಕಿಲ್ಲ. ನಮ್ಮ ಕಡೆಯ ಸಭಾಂಗಣಗಳಲ್ಲಿ ಅಂಥ ಪ್ರಸಾರಕ ಇನ್ನೂ ಅಪರೂಪ. ಸದ್ಯಕ್ಕೆ ಇದು ಹೆಚ್ಚು ಉಪಯೋಗಕ್ಕೆ ಬರುವುದು ಮನೆಯ ಟಿವಿಗೆ. ಇದೇ ಮಾತಿನ ಜೊತೆ ಹೇಳಬೇಕಾದ್ದು: ಹಳೆಯ ಸಾಧನಗಳ ಟಿ-ಕಾಯಿಲ್ ಎಂಬ ಸುರುಳಿ ಕೆಲವು ಹೊಸ ಮಾದರಿಗಳಲ್ಲಿ ಇರುವುದಿಲ್ಲ. ನೀವು ಹೋಗುವ ಸಭಾಂಗಣದಲ್ಲೋ ಪ್ರಾರ್ಥನಾ ಮಂದಿರದಲ್ಲೋ ಲೂಪ್ ವ್ಯವಸ್ಥೆ ಇದ್ದರೆ, ಅದನ್ನು ಬಿಟ್ಟುಕೊಡಬೇಡಿ.

ಕೊಳ್ಳುವ ಮೊದಲು

ಹೊಸ ಪದ್ಧತಿ ಸಾಧನದಲ್ಲೂ ಇರಬೇಕು, ಫೋನಿನಲ್ಲೂ ಇರಬೇಕು. ಒಂದರಲ್ಲಿ ಇದ್ದರೆ ಪ್ರಯೋಜನವಿಲ್ಲ. ಫೋನಿನ ವಿವರದಲ್ಲಿ ಬ್ಲೂಟೂತ್ 5.2 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆ ಇದ್ದ ಮಾತ್ರಕ್ಕೆ ಹೊಸ ಧ್ವನಿ ಪದ್ಧತಿ ಇದೆ ಎಂದಲ್ಲ. ಆ ಸಂಖ್ಯೆಯ ಫೋನಿನಲ್ಲಿ ಅದನ್ನು ಕೊಡಲೇಬೇಕೆಂಬ ಕಡ್ಡಾಯವಿಲ್ಲ, ಅಗ್ಗದ ಫೋನುಗಳಲ್ಲಿ ಬಿಟ್ಟಿರುವುದುಂಟು. ಅಂಗಡಿಯವರ ಮಾತಿಗಿಂತ ಸಾಧನದ ಕಂಪನಿ ಪ್ರಕಟಿಸಿರುವ ಹೊಂದಾಣಿಕೆಯ ಪಟ್ಟಿ ವಾಸಿ. ಅದರಲ್ಲಿ ನಿಮ್ಮ ಫೋನಿನ ಮಾದರಿಯ ಹೆಸರೇ ಇರಬೇಕು. ಐಫೋನಿನವರು ತಮ್ಮ ಮಾದರಿಗೆ ಯಾವ ವಿಧಾನ ಹೊಂದುತ್ತದೆ ಎಂಬುದನ್ನೂ ಅದರಲ್ಲೇ ನೋಡಬೇಕು. ಮುಂದೆ ಅಪ್‌ಡೇಟ್‌ನಲ್ಲಿ ಹೊಸ ಪದ್ಧತಿ ಬರುತ್ತದೆ ಎಂದು ಹೇಳಿ ಮಾರುವ ಸಾಧನಗಳೂ ಇವೆ. ಬಂದಮೇಲೆ ಬಂತು ಎನ್ನೋಣ. ಇವತ್ತು ನಿಮ್ಮ ಫೋನಿನ ಜೊತೆ ಏನು ನಡೆಯುತ್ತದೋ ಅದಕ್ಕೆ ಮಾತ್ರ ಹಣ ಕೊಡಿ.

ಆಂಡ್ರಾಯ್ಡ್ ಫೋನಿನಲ್ಲಿ ಸಾಧನವನ್ನು ಜೋಡಿಸುವಾಗ Settings ಒಳಗಿನ Accessibility ವಿಭಾಗದಲ್ಲಿ Hearing devices ಎಂಬುದನ್ನು ಹುಡುಕಿ, ಅಲ್ಲಿಂದ ಜೋಡಿಸಿ. ಫೋನಿನ ಆವೃತ್ತಿ ಹೊಸದಾಗಿದ್ದರೆ ರಿಂಗಣ, ಕರೆ, ಹಾಡು, ಇತರ ಸದ್ದುಗಳು ಇವುಗಳಲ್ಲಿ ಯಾವುದು ಕಿವಿಗೆ ಬರಬೇಕು, ಯಾವುದು ಫೋನಿನಲ್ಲೇ ಉಳಿಯಬೇಕು ಎಂಬ ಆಯ್ಕೆಯೂ ಅಲ್ಲೇ ಇರುತ್ತದೆ. ಕುಟುಂಬದ ವಾಟ್ಸಾಪ್ ಗುಂಪಿನ ಪ್ರತಿ ಸುಪ್ರಭಾತಕ್ಕೂ ಕಿವಿಯೊಳಗೆ ಟಿಣ್ ಎನ್ನುವುದನ್ನು ತಾಳಲಾರದೆ ಸಾಧನವನ್ನೇ ತೆಗೆದಿಟ್ಟವರಿದ್ದಾರೆ.

ಸಾಧನವನ್ನು ಪರೀಕ್ಷೆಗೆಂದು ಕೆಲವು ದಿನ ಮನೆಗೆ ಕೊಡುವ ತಜ್ಞರನ್ನೇ ಆರಿಸಿಕೊಳ್ಳಿ. ತಜ್ಞರ ಕೊಠಡಿಗೆ ಹಿರಿಯರ ಸ್ವಂತ ಫೋನನ್ನೇ ಒಯ್ಯಿರಿ, ಮಗನ ಫೋನನ್ನಲ್ಲ. ಅಲ್ಲಿ ಕುಳಿತೇ ಮನೆಗೊಂದು ಮಾಮೂಲಿ ಕರೆ, ಬಳಿಕ ಒಂದು ವಾಟ್ಸಾಪ್ ಕರೆ ಮಾಡಿಸಿ. ಒಂದು ನಡೆದರೆ ಇನ್ನೊಂದೂ ನಡೆಯುತ್ತದೆ ಎಂದೇನೂ ಇಲ್ಲ. ಮಾತು ಎರಡೂ ಕಿವಿಗೆ ಬಂತೇ ಎಂದು ಹಿರಿಯರನ್ನು ಕೇಳಿ, ದನಿ ಸ್ಪಷ್ಟವಾಗಿ ಬಂತೇ ಎಂದು ಆ ಕಡೆಯವರನ್ನು ಕೇಳಿ. ಕೊನೆಗೆ ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಯಾರ ಸಹಾಯವೂ ಇಲ್ಲದೆ ಸಾಧನ ತಾನಾಗಿ ಮರಳಿ ಜೋಡಣೆಯಾಗುತ್ತದೆಯೇ ನೋಡಿ. ಮನೆಯಲ್ಲಿ ಹಿರಿಯರು ಒಬ್ಬರೇ ಇರುವಾಗ ಆಗಬೇಕಾದದ್ದು ಅದೇ.